ಬಾಡಿಗೆಯವರಿರುವ ಮನೆಯನ್ನು ಮಾರುವಾಗ

ಪ್ರಶ್ನೆ: ಕಲಬುರಗಿಯ ನನ್ನ ಮನೆಯನ್ನು ಮಾರಬೇಕಾಗಿದೆ. ಬಾಡಿಗೆಯವರಿಗೆ ಹೇಗೆ ತಿಳಿಸಲಿ? ಬಂದವರಿಗೆ ಮನೆ ತೋರಿಸುವುದು ಹೇಗೆ?

ಉತ್ತರ: ದಲಾಲರಿಗಿಂತ ಮೊದಲು ಬಾಡಿಗೆಯವರಿಗೆ ಹೇಳಿ. ಎದುರು ಕುಳಿತು ಮಾತಾಡಿ, ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಿ.

ಅವರ ಮೊದಲ ಪ್ರಶ್ನೆ "ಯಾವಾಗ ಖಾಲಿ ಮಾಡಬೇಕು?" ಎಂದೇ ಇರುತ್ತದೆ. ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ಮುರಿಯುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಂ ಪ್ರಕಾರ, ಕೊಂಡವರು ಮಾಲೀಕರಾಗಿ ನಿಮ್ಮ ಜಾಗಕ್ಕೆ ಬರುತ್ತಾರೆ. ಹನ್ನೊಂದು ತಿಂಗಳ ಕರಾರಿನಲ್ಲಿ ಐದು ತಿಂಗಳು ಉಳಿದಿದ್ದರೆ ಆ ಮಾತನ್ನು ಬಾಡಿಗೆಯವರಿಗೂ ಖರೀದಿದಾರರಿಗೂ ಒಂದೇ ರೀತಿ ಹೇಳಿ. ಮುಂಗಡ ಹಣವನ್ನು ಯಾರು ಹಿಂದಿರುಗಿಸುತ್ತಾರೆ ಎಂಬುದೂ ಬರಹದಲ್ಲಿರಲಿ. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.

ಮನೆ ತೋರಿಸುವ ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ ಅವರ ಒಪ್ಪಿಗೆಯಿಂದಲೇ ಸಾಗಬೇಕು. ನಾನು ಜೇವರ್ಗಿ ಕಾಲೊನಿಯ ಮನೆ ಮಾರುವಾಗ ದಲಾಲರೊಬ್ಬರು ಏಪ್ರಿಲ್‌ನ ಮಧ್ಯಾಹ್ನ ಹೇಳದೆ ಕೇಳದೆ ನಾಲ್ವರನ್ನು ಕರೆತಂದರು. ಒಳಗೆ ಬಾಣಂತಿ ಮಲಗಿದ್ದರು. ಅಂದಿನಿಂದ ಬಾಗಿಲು ತೆರೆಯಲೇ ಇಲ್ಲ. ತಪ್ಪು ನನ್ನದೇ, ದಲಾಲರಿಗೆ ಕೀಲಿ ಕೊಟ್ಟಿದ್ದೆ. ಕೊನೆಗೆ ಕೀಲಿ ವಾಪಸ್ ಪಡೆದು, ಬುಧವಾರ ಮತ್ತು ಭಾನುವಾರ ಸಂಜೆ ಐದೂವರೆಯಿಂದ ಏಳರವರೆಗೆ ಮಾತ್ರ, ಹಿಂದಿನ ದಿನವೇ ತಿಳಿಸಿ, ನಾನೇ ಜೊತೆಗಿದ್ದು ತೋರಿಸುವುದೆಂದು ಮಾತಾಯಿತು. ಒಳಗಿನ ಫೋಟೊಗಳನ್ನೂ ಅವರನ್ನು ಕೇಳಿಯೇ ತೆಗೆದೆ. ಫೋಟೊ ನೋಡಿದ ಮೇಲೆ ಸುಮ್ಮನೆ ಇಣುಕಲು ಬರುವವರು ಅರ್ಧಕ್ಕರ್ಧ ಕಡಿಮೆಯಾದರು.

ನೋಂದಣಿಯಾದ ದಿನವೇ ಹೊಸ ಮಾಲೀಕರ ಹೆಸರು, ಬಾಡಿಗೆ ಕಟ್ಟಬೇಕಾದ ಖಾತೆ ತಿಳಿಸಿ. ಮಾರಾಟದ ಸುದ್ದಿ ತಿಳಿಯದೆ ನಿಮಗೇ ಬಾಡಿಗೆ ಕೊಟ್ಟರೆ, ಅದನ್ನು ಅವರು ಮತ್ತೆ ಕೊಡಬೇಕಿಲ್ಲ.