ಐಟಿ ಹೆಡ್‌ಗೆ ಬರೆಯುವಾಗ ಪ್ರತಿ ಮಾತಿಗೂ ಅಳತೆ ಇರಲಿ

ಪ್ರಶ್ನೆ: ನಾವು ಹಾಜರಿ ಮತ್ತು ಸಂಬಳದ ಸಾಫ್ಟ್‌ವೇರ್ ಮಾರುತ್ತೇವೆ. ಎಚ್‌ಆರ್‌ನವರು ಒಪ್ಪುತ್ತಾರೆ, ಐಟಿ ಹೆಡ್‌ಗೆ ಮೇಲ್ ಹೋದ ಮೇಲೆ ಸುದ್ದಿಯೇ ಇರಲ್ಲ. ಅವರಿಗೆ ಹೇಗೆ ಬರೆಯಬೇಕು?

ನಾನೂ ಇದೇ ಕೆಲಸದಲ್ಲಿದ್ದೇನೆ. ಶುರುವಿನಲ್ಲಿ ಒಂದು ಆಸ್ಪತ್ರೆಗೆ "ಬ್ಯಾಂಕ್ ಮಟ್ಟದ ಭದ್ರತೆ, 99.9% ಅಪ್‌ಟೈಮ್" ಎಂದು ಬರೆದಿದ್ದೆ. ಅಲ್ಲಿನ ಐಟಿ ಹೆಡ್ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "99.9% ತಿಂಗಳಿಗಾ, ವರ್ಷಕ್ಕಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. 30 ದಿನದ ತಿಂಗಳಿಗೆ 99.9% ಅಂದರೆ ಸಾಫ್ಟ್‌ವೇರ್ ಸುಮಾರು 43 ನಿಮಿಷ ನಿಲ್ಲಬಹುದು. ವರ್ಷಕ್ಕೆ ಅಂದರೆ ಎಂಟೂಮುಕ್ಕಾಲು ಗಂಟೆ. ಆ ಎಂಟೂಮುಕ್ಕಾಲು ಗಂಟೆಯೂ ಸಂಬಳ ಹಾಕುವ ದಿನವೇ ಬಂದರೂ ನೀವು ಮಾತು ತಪ್ಪಿದ ಹಾಗಾಗಲ್ಲ! ಅವರ ಭಯ ಅದೇ. ಹಾಗಾಗಿ ಈಗ ನಾನು ಹೀಗೆ ಬರೆಯುತ್ತೇನೆ:

"ಅಪ್‌ಟೈಮ್ 99.9%, ಪ್ರತಿ ತಿಂಗಳೂ ಬೇರೆಬೇರೆಯಾಗಿ ಅಳೆಯುತ್ತೇವೆ. ಮೊದಲೇ ತಿಳಿಸಿದ ನಿರ್ವಹಣೆ ಸಮಯ ಇದರಲ್ಲಿ ಸೇರಿಲ್ಲ. ಅದು ಭಾನುವಾರ ರಾತ್ರಿ, ತಿಂಗಳಿಗೆ ಹೆಚ್ಚೆಂದರೆ 2 ಗಂಟೆ."

ಭದ್ರತೆಯ ಮಾತಿಗೂ ಇದೇ ಅಳತೆ. "ಡೇಟಾ ಎನ್‌ಕ್ರಿಪ್ಟ್ ಆಗಿದೆ" ಅಂದರೆ ಎಲ್ಲಿ? ಬ್ರೌಸರ್‌ನಿಂದ ಸರ್ವರ್‌ಗೆ ಹೋಗುವಾಗ ಟಿಎಲ್‌ಎಸ್ 1.2 ಅಥವಾ 1.3, ಡೇಟಾಬೇಸ್‌ನಲ್ಲಿ ಎಇಎಸ್-256 ಎಂದು ಬಿಡಿಸಿ ಬರೆಯಿರಿ. ಬ್ಯಾಕಪ್ ಫೈಲ್‌ಗೂ ಅದೇ ಇದೆಯಾ, ಕೀ ಯಾರ ಕೈಯಲ್ಲಿದೆ ಅನ್ನೋದನ್ನೂ ಸೇರಿಸಿ. ಬ್ಯಾಕಪ್ ವಿಷಯವನ್ನು ಜಾಸ್ತಿ ಜನ ಮರೆಯುತ್ತಾರೆ, ಐಟಿ ಹೆಡ್ ಮೊದಲು ಹುಡುಕುವುದು ಅದನ್ನೇ.

ಮಾಹಿತಿ ಭದ್ರತೆಗೆ ಕೊಡುವ ಐಎಸ್‌ಒ 27001 ಪ್ರಮಾಣಪತ್ರದ ಬಗ್ಗೆ ತುಂಬಾ ಎಚ್ಚರ ಬೇಕು. ನಿಮ್ಮ ಕ್ಲೌಡ್ ಕಂಪನಿಗೆ ಇರುವ ಪ್ರಮಾಣಪತ್ರ ನಿಮ್ಮದಲ್ಲ. ಪ್ರಮಾಣಪತ್ರದಲ್ಲಿ 'ಸ್ಕೋಪ್' ಅನ್ನೋ ಸಾಲು ಇರುತ್ತೆ, ಐಟಿ ಹೆಡ್ ಅದನ್ನೇ ಓದುತ್ತಾರೆ. ಅದರಲ್ಲಿ ನಿಮ್ಮ ಸಾಫ್ಟ್‌ವೇರ್ ಇಲ್ಲ ಅಂತ ಗೊತ್ತಾದರೆ ಉಳಿದ ಮಾತನ್ನೂ ನಂಬಲ್ಲ. ನಿಮಗೆ ಪ್ರಮಾಣಪತ್ರ ಇಲ್ಲದಿದ್ದರೆ "ನಮಗೆ ಇನ್ನೂ ಇಲ್ಲ. ಕೊನೆಯ ಭದ್ರತಾ ಪರೀಕ್ಷೆ ಇಂಥ ತಿಂಗಳು ಆಯಿತು, ವರದಿಯ ಸಾರಾಂಶ ಗೋಪ್ಯತೆಯ ಒಪ್ಪಂದದ ಮೇಲೆ ಕೊಡುತ್ತೇವೆ" ಎಂದೇ ಬರೆಯಿರಿ. ಈ 'ಇಲ್ಲ'ಕ್ಕೆ ಬೆಲೆ ಇದೆ. ನಾನು ಹಾಗೆ ಬರೆದ ಮೇಲೆಯೇ ಆ ಆಸ್ಪತ್ರೆಯವರು ಮುಂದಿನ ಪ್ರಶ್ನೆಗಳನ್ನು ಕಳಿಸಿದ್ದು.

ಇನ್ನೊಂದು, "ಏನಾದರೂ ಆದರೆ ತಕ್ಷಣ ತಿಳಿಸುತ್ತೇವೆ" ಅನ್ನಬೇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು. ನಿಮ್ಮಿಂದ ಸುದ್ದಿ ತಡವಾದರೆ ಅವರೂ ಇಕ್ಕಟ್ಟಿಗೆ ಸಿಕ್ಕುತ್ತಾರೆ ಅಲ್ವಾ? "2 ಗಂಟೆಯೊಳಗೆ, ಫೋನ್ ಮತ್ತು ಮೇಲ್ ಎರಡರಲ್ಲೂ" ಎಂದು ಬರೆಯಿರಿ. ಆದರೆ ರಾತ್ರಿ ಫೋನ್ ಮಾಡುವವರು ಯಾರು ಅಂತ ನಿಮ್ಮ ಆಫೀಸಿನಲ್ಲಿ ಗೊತ್ತುಮಾಡಿಕೊಂಡ ಮೇಲಷ್ಟೇ.