ಇಲಿ ತಿಂದದ್ದಕ್ಕೂ ಒಣಗಿ ಇಳಿದ ತೂಕಕ್ಕೂ ವಿಮೆ ಹುಡುಕುವವರಿಗೆ

ಪ್ರಶ್ನೆ: ಬಾಡಿಗೆ ಗೋದಾಮಿನಲ್ಲಿ ಎರಡು ಸಾವಿರ ಚೀಲ ಮೆಕ್ಕೆಜೋಳ ಇಟ್ಟಿದ್ದೇನೆ. ಇಲಿ, ಹುಳು, ತೇವಾಂಶದ ತೂಕನಷ್ಟ ಎಲ್ಲವನ್ನೂ ಸೇರಿಸಿಕೊಳ್ಳುವ ವಿಮೆ ಯಾವುದು? ಧೂಮೀಕರಣ ಮಾಡಿಸಿದರೆ ಸಾಕೇ? ದಾಸ್ತಾನು ವಹಿಯನ್ನು ವಾರಕ್ಕೊಮ್ಮೆ ಬರೆದರೆ ನಡೆಯುತ್ತದೆಯೇ?

ಉತ್ತರ:

ವಾರಕ್ಕೊಮ್ಮೆ ಬರೆದರೆ ನಡೆಯುವುದಿಲ್ಲ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಾನು ಮುಳುಗಿದ್ದು ಅಲ್ಲೇ. ನನ್ನದೂ ಎರಡು ಸಾವಿರ ಚೀಲ, ಚೀಲಕ್ಕೆ 50 ಕಿಲೋ, ಐನೂರರಂತೆ ನಾಲ್ಕು ಅಟ್ಟಿ. ನನ್ನದೂ ಮೆಕ್ಕೆಜೋಳವೇ.

ಮೂರನೆಯ ತಿಂಗಳಲ್ಲಿ ಒಂದು ಶನಿವಾರ ಸಂಜೆ 120 ಚೀಲ ಮಾರಿದೆ. ಲಾರಿ ತುಂಬಿತು, ತೂಕದ ಸೇತುವೆಯಲ್ಲಿ ತೂಗಿಸಿ ಚೀಟಿ ತಂದುಕೊಟ್ಟರು. ಚೀಟಿಯನ್ನು ಮೇಜಿನ ಖಾನೆಗೆ ಹಾಕಿ ಮನೆಗೆ ಹೋದೆ. ಸೋಮವಾರ ಧೂಮೀಕರಣದವರು ಬಂದು ನಾಲ್ಕೂ ಅಟ್ಟಿಗಳ ಮೇಲೆ ಗ್ಯಾಸ್ ಹೊದಿಕೆ ಹಾಸಿ, ಅಂಚಿಗೆ ಮರಳು ಚೀಲ ಒತ್ತಿ, ಗುಳಿಗೆ ಇಟ್ಟು ಬಾಗಿಲಿಗೆ ಬೀಗ ಹಾಕಿಸಿದರು. ಮುಂದಿನ ಸೋಮವಾರದವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ನನಗೆ ಬಿಡುವು ಸಿಕ್ಕಿದ್ದು ನಡುವಿನ ಬುಧವಾರ. ಅಂದು ಮನೆಯಲ್ಲಿ ಕುಳಿತು ಬಾಕಿ ಲೆಕ್ಕವನ್ನೆಲ್ಲ ಬರೆದೆ. ಆ 120 ಚೀಲವನ್ನೂ ಬರೆದೆ, ದಿನಾಂಕದ ಜಾಗದಲ್ಲಿ ಬುಧವಾರದ ದಿನಾಂಕ ಹಾಕಿದೆ. ಕೊಂಡವರಿಗೆ ಬಿಲ್ಲನ್ನೂ ಅಂದೇ ಬರೆದುಕೊಟ್ಟೆ.

ತಪ್ಪು ಇಷ್ಟೇ. ಚೀಲ ಹೊರಗೆ ಹೋದ ದಿನದ ಬದಲು ನಾನು ಬರೆದ ದಿನವನ್ನು ದಾಖಲಿಸಿದೆ. ಒಂದು ಚೀಲವನ್ನೂ ನಾನು ಬಚ್ಚಿಡಲಿಲ್ಲ, ಒಂದು ಅಂಕಿಯನ್ನೂ ತಿದ್ದಲಿಲ್ಲ. ತಿಂಗಳ ಕೊನೆಯ ಬಾಕಿ 1880 ಚೀಲ ಎಂದು ಸರಿಯಾಗಿಯೇ ಬಂತು. ಬಾಕಿ ಸರಿಬಂದರೆ ವಹಿ ಸರಿ ಎಂದುಕೊಂಡಿದ್ದೆ.

ಎರಡು ತಿಂಗಳ ನಂತರ ಒಂದು ರಾತ್ರಿ ಬಿರುಗಾಳಿಗೆ ಛಾವಣಿಯ ತಗಡು ಹಾರಿ ನಾಲ್ಕನೆಯ ಅಟ್ಟಿಯ ಮೇಲೆ ಬೆಳಗಿನವರೆಗೂ ಮಳೆ ಸುರಿಯಿತು. ಒದ್ದೆ ಮೆಕ್ಕೆಜೋಳ ಬಿಸಿಯೇರಿ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ನೆನೆಯದೆ ಉಳಿದ 20 ಚೀಲಗಳನ್ನು ಮೂರನೆಯ ಅಟ್ಟಿಗೆ ಸಾಗಿಸಿದೆವು, ಒಡೆದ ಚೀಲಗಳ ಕಾಳನ್ನು ಅಂಗಳದಲ್ಲಿ ಹರವಿದೆವು. ಉಳಿಸಬಹುದಾದದ್ದನ್ನು ಉಳಿಸುವುದು ವಿಮೆ ಮಾಡಿಸಿದವನ ಕರ್ತವ್ಯ, ಅದು ತಪ್ಪಲ್ಲ. ಆದರೆ ಯಾವ ಚೀಲ ಎಲ್ಲಿಗೆ ಹೋಯಿತು ಎಂದು ಬರೆದುಕೊಳ್ಳಲಿಲ್ಲ, ಕದಲಿಸುವ ಮೊದಲು ಫೋಟೋ ತೆಗೆಯಲಿಲ್ಲ. ನಷ್ಟ ಅಳೆಯುವ ವಿಮೆಯ ಸರ್ವೇಯರ್ ಬರುವ ಹೊತ್ತಿಗೆ ನೆನೆದ ಅಟ್ಟಿ ಎಣಿಸುವ ಸ್ಥಿತಿಯಲ್ಲಿ ಇರಲಿಲ್ಲ.

ಎಣಿಸಲಾಗದಿದ್ದರೆ ಕಳೆಯುವ ಲೆಕ್ಕ ಮಾಡುತ್ತಾರೆ: ವಹಿಯ ಪ್ರಕಾರ ಮಳೆಗೆ ಮುಂಚೆ ಎಷ್ಟಿತ್ತು, ಈಗ ಚೆನ್ನಾಗಿರುವುದು ಎಷ್ಟು, ಉಳಿದದ್ದು ನಷ್ಟ. ಚೆನ್ನಾಗಿದ್ದವು 1400. ನನ್ನ ಲೆಕ್ಕದಲ್ಲಿ ನಷ್ಟ 480 ಚೀಲ, ಅಂದರೆ 240 ಕ್ವಿಂಟಾಲ್. ಸರ್ವೇಯರ್ ವಹಿ, ಬಿಲ್ಲು, ತೂಕದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಓದತೊಡಗಿದರು. ಶನಿವಾರದ ತೂಕದ ಚೀಟಿ ಇದೆ, ಅದಕ್ಕೆ ವಹಿಯಲ್ಲಿ ನಮೂದಿಲ್ಲ. ಬುಧವಾರದ ನಮೂದು ಮತ್ತು ಬಿಲ್ಲು ಇವೆ, ಅವಕ್ಕೆ ತೂಕದ ಚೀಟಿ ಇಲ್ಲ. ಅವರು ಕೇಳಿದ್ದು ಒಂದೇ ಮಾತು: "ಇವು ಒಂದೇ ಲಾರಿಯೋ, ಎರಡು ಲಾರಿಯೋ?"

ಒಂದೇ ಎಂದೆ. ಬುಧವಾರ ಗೋದಾಮಿನ ತುಂಬ ವಿಷಾನಿಲ ಇತ್ತು, ಯಾರು ಚೀಲ ಹೊರುತ್ತಾರೆ ಎಂದೆ. ಅದಕ್ಕೆ ದಾಖಲೆ ಕೇಳಿದರು. ಧೂಮೀಕರಣದವರು ಕೊಟ್ಟ ಕಾಗದದಲ್ಲಿ "ಧೂಮೀಕರಣದ ಕೆಲಸಕ್ಕೆ" ಎಂಬ ಒಂದು ಸಾಲು ಮತ್ತು ಮೊತ್ತ ಮಾತ್ರ ಇತ್ತು. ಯಾವ ಅಟ್ಟಿಗಳು, ಎಷ್ಟು ಗುಳಿಗೆ, ಎಂದು ಮುಚ್ಚಿದರು, ಎಂದು ತೆರೆದು ಗಾಳಿಯಾಡಿಸಿದರು, ಯಾವುದೂ ಇಲ್ಲ. ಮುಚ್ಚಿದ ಮತ್ತು ತೆರೆದ ದಿನಾಂಕಗಳಿದ್ದಿದ್ದರೆ ಬುಧವಾರ ಲಾರಿ ತುಂಬುವುದು ಅಸಾಧ್ಯವೆಂದು ಆ ಕಾಗದವೇ ಹೇಳುತ್ತಿತ್ತು. ಕೊಂಡವರಿಂದ ಪತ್ರ ಬರೆಸಿ ತಂದೆ. ನಷ್ಟವಾದ ಮೇಲೆ ಬರೆದ ಪತ್ರಕ್ಕೆ ಬೆಲೆ ಕಡಿಮೆ.

ಸರ್ವೇಯರ್ ಎರಡು ಲಾರಿ ಎಂದೇ ಹಿಡಿದರು. ಮಳೆಗೆ ಮುಂಚಿನ ದಾಸ್ತಾನು 1880ರಿಂದ 1760ಕ್ಕೆ ಇಳಿಯಿತು, ನಷ್ಟ 480ರಿಂದ 360 ಚೀಲಕ್ಕೆ. ಅಲ್ಲಿಗೂ ನಿಲ್ಲಲಿಲ್ಲ. ಚೆನ್ನಾಗಿದ್ದ ಅಟ್ಟಿಗಳಿಂದ ಕೆಲವು ಚೀಲ ತೂಗಿಸಿದರು. ಸರಾಸರಿ ಬಂದದ್ದು 48.86 ಕಿಲೋ. ನಾನು ಐದು ತಿಂಗಳಿನಿಂದ 50 ಎಂದೇ ಬರೆಯುತ್ತಿದ್ದೆ.

ಈ 48.86 ಎಲ್ಲಿಂದ ಬಂತು ಎನ್ನುವುದನ್ನು ನೀವು ತಿಳಿದಿರಲೇಬೇಕು. ನಾನು ಕೊಂಡಾಗ ತೇವಾಂಶ ನೂರಕ್ಕೆ 14. ಅಂದರೆ 50 ಕಿಲೋ ಚೀಲದಲ್ಲಿ ಒಣ ಪದಾರ್ಥ 43 ಕಿಲೋ, ಉಳಿದದ್ದು ನೀರು. ಬೇಸಗೆಯಲ್ಲಿ ತೇವಾಂಶ 12ಕ್ಕೆ ಇಳಿಯಿತು. ಒಣ ಪದಾರ್ಥ ಅದೇ 43 ಕಿಲೋ, ಆದರೆ ಈಗ ಅದು ಒಟ್ಟು ತೂಕದ ನೂರಕ್ಕೆ 88 ಪಾಲು. 43ನ್ನು 0.88ರಿಂದ ಭಾಗಿಸಿದರೆ 48.86. ಎರಡು ಸಾವಿರ ಚೀಲದ ಮೇಲೆ ಇದು ಸುಮಾರು 23 ಕ್ವಿಂಟಾಲ್. ಕಳ್ಳನಿಲ್ಲ, ಇಲಿಯಿಲ್ಲ, ಒಂದು ಕಾಳೂ ಕಡಿಮೆಯಾಗಿಲ್ಲ. ತೇವಾಂಶ ಎರಡು ಇಳಿದರೆ ತೂಕವೂ ನೂರಕ್ಕೆ ಎರಡೇ ಇಳಿಯುತ್ತದೆ ಎಂದು ಬಹಳ ಜನ ಲೆಕ್ಕ ಹಾಕುತ್ತಾರೆ. ಅದಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ.

ಕೊನೆಗೆ ಒಪ್ಪಿದ್ದು 360 ಚೀಲ, 48.86ರಂತೆ ಸುಮಾರು 176 ಕ್ವಿಂಟಾಲ್. ಕೇಳಿದ್ದಕ್ಕಿಂತ 64 ಕ್ವಿಂಟಾಲ್ ಕಡಿಮೆ. ಅದರಲ್ಲಿ ಒಣಗಿದ ತೂಕದ ಪಾಲು ಐದೂವರೆ ಕ್ವಿಂಟಾಲ್. ಅದು ನ್ಯಾಯವೇ, ಇಲ್ಲದ ತೂಕವನ್ನು ನಾನು ಕೇಳಿದ್ದೆ. ಉಳಿದ 58 ಕ್ವಿಂಟಾಲ್‌ಗೂ ಮಿಕ್ಕಿ ಹೋದದ್ದು ಒಂದು ದಿನಾಂಕಕ್ಕೆ. ಪಾಲಿಸಿಯಲ್ಲಿ ದೋಷವಿರಲಿಲ್ಲ, ಬಿರುಗಾಳಿ ಅದರಲ್ಲಿ ಸೇರಿತ್ತು. ಸರ್ವೇಯರ್ ಮೇಲೆ ನನಗೆ ವರ್ಷಗಟ್ಟಲೆ ಸಿಟ್ಟಿತ್ತು. ಈಗ ಇಲ್ಲ. ಆ ಕಾಗದಗಳನ್ನು ನನ್ನ ಮುಂದೆ ಇಟ್ಟಿದ್ದರೆ ನಾನೂ ಎರಡು ಲಾರಿ ಎಂದೇ ಓದುತ್ತಿದ್ದೆ.

ಇನ್ನು ನೀವು ಹುಡುಕುತ್ತಿರುವ "ಎಲ್ಲವೂ ಸೇರಿದ" ವಿಮೆ. ಅದನ್ನು ಹುಡುಕುವುದನ್ನು ಬಿಡಿ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹದಂತಹ ಹಠಾತ್ ಅವಘಡಗಳಿಗೆ ವಿಮೆ ಇರುವುದು. ಕನ್ನಗಳವಿಗೆ ಬೇರೆ ರಕ್ಷಣೆ ತೆಗೆದುಕೊಳ್ಳಬೇಕು, ಅದಕ್ಕೂ ಬೀಗ ಒಡೆದ ಗುರುತು ಬೇಕು. ಇಲಿ, ಹುಳು, ಒಣಗುವುದು, ತಾನಾಗಿ ಕೆಡುವುದು ಇವೆಲ್ಲ ನಿಧಾನವಾಗಿ, ನಡೆದೇ ನಡೆಯುವಂಥವು. ಪಾಲಿಸಿಗಳು ಸಾಮಾನ್ಯವಾಗಿ ಇವನ್ನು ಹೊರಗಿಡುತ್ತವೆ. ತೇವ ಹೆಚ್ಚಿದ್ದ ಕಾಳು ತನ್ನಷ್ಟಕ್ಕೆ ಬಿಸಿಯೇರಿ ಹಾಳಾಗುವುದೂ ಹಾಗೆಯೇ; ಅದಕ್ಕೆ ಹೆಚ್ಚುವರಿ ರಕ್ಷಣೆ ಸಿಗುತ್ತದೆಯೇ ಎಂದು ಬರಹದಲ್ಲೇ ಕೇಳಿ. ಏಜೆಂಟ್ ಬಾಯಲ್ಲಿ "ಎಲ್ಲಾ ಬರುತ್ತದೆ" ಎಂದರೆ ಹೊರತುಪಡಿಸಿದವುಗಳ ಪುಟ ತೋರಿಸಲು ಹೇಳಿ. ಮೊತ್ತವನ್ನು ಮಾತ್ರ ಕಡಿಮೆ ಮಾಡಿಸಬೇಡಿ: ಗೋದಾಮಿನಲ್ಲಿರುವ ಮಾಲಿನ ಮುಕ್ಕಾಲು ಪಾಲಿಗೆ ವಿಮೆ ಮಾಡಿಸಿದ್ದರೆ ಸಣ್ಣ ನಷ್ಟಕ್ಕೂ ಮುಕ್ಕಾಲು ಪಾಲೇ ಸಿಗುವ ಷರತ್ತು ಬಹುತೇಕ ಇರುತ್ತದೆ.

ಇಲಿಗೆ ವಿಮೆ ಎಂದರೆ ಗೋಡೆಗೂ ಅಟ್ಟಿಗೂ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ. ಗೋಡೆಗೆ ಒರಗಿಸಿ ಪೇರಿಸಿದರೆ ಹಿಂದೆ ಏನಾಗುತ್ತಿದೆ ಎಂದು ಕಾಣುವುದೇ ಇಲ್ಲ. ಹಿಕ್ಕೆ, ಗೋಡೆಯ ಬುಡದಲ್ಲಿ ಜಿಡ್ಡಿನ ಕಪ್ಪು ಗೆರೆ, ಕೆಳಸಾಲಿನ ಚೀಲದ ಮೂಲೆಯಿಂದ ಸುರಿದ ಕಾಳು: ಇವನ್ನು ನೋಡಲು ವಾರಕ್ಕೊಮ್ಮೆ ಟಾರ್ಚ್ ಹಿಡಿದು ಸುತ್ತಿ. ಬಾಗಿಲ ಕೆಳಗಿನ ಸಂದಿಗೆ ತಗಡು ಹೊಡೆಸಿ. ನೆಲದಿಂದ ಗುಡಿಸಿದ ಕಾಳನ್ನು ತೂಗಿ, ಯಾವ ಅಟ್ಟಿಯ ಬುಡದ್ದು ಎಂದು ವಹಿಯಲ್ಲಿ ಬರೆಯಿರಿ. ಇಲಿ ತಿಂದದ್ದಕ್ಕೆ ಹಣ ಬರುವುದಿಲ್ಲ, ಆದರೆ ಹೀಗೆ ಬರೆದಿದ್ದರೆ ಮುಂದೊಂದು ದಿನ ಆ ಕೊರತೆ ನಿಮ್ಮ ಮೇಲೆ ಅನುಮಾನವಾಗಿ ತಿರುಗುವುದಿಲ್ಲ.

ಧೂಮೀಕರಣ ಸಾಕೇ ಎಂದಿರಿ. ಅದು ಆ ಹೊತ್ತು ಒಳಗಿರುವ ಹುಳುವನ್ನು ಕೊಲ್ಲುತ್ತದೆ, ಅದೂ ಹೊದಿಕೆ ಸೋರದಿದ್ದರೆ ಮತ್ತು ಪೂರ್ತಿ ಅವಧಿ ಮುಚ್ಚಿದ್ದರೆ. ಅವಸರದಲ್ಲಿ ತೆರೆದರೆ ದೊಡ್ಡ ಹುಳು ಸತ್ತು ಮೊಟ್ಟೆ ಉಳಿಯುತ್ತದೆ. ಗಾಳಿಯಾಡಿಸಿದ ಮೇಲೆ ಕಾಳಿಗೆ ಯಾವ ರಕ್ಷಣೆಯೂ ಉಳಿಯುವುದಿಲ್ಲ, ಪಕ್ಕದ ಕೋಣೆಯ ಮೂತಿಹುಳು ಮರುದಿನವೇ ಬರಬಹುದು. ಇನ್ನೊಂದು ಎಚ್ಚರ: ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವದಿಂದ ಫಾಸ್ಫೀನ್ ಅನಿಲ ಬಿಡುತ್ತದೆ, ರಾಶಿ ಹಾಕಿದ ಗುಳಿಗೆಯ ಮೇಲೆ ನೀರು ಬಿದ್ದರೆ ಬೆಂಕಿಯೇ ಹೊತ್ತಬಹುದು. ಸೋರುವ ಛಾವಣಿಯ ಕೆಳಗೆ ಧೂಮೀಕರಣ ಮಾಡಿಸಬೇಡಿ. ಈ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ, ಆದ್ದರಿಂದ ಪರವಾನಗಿ ಇದ್ದವರೇ ಮಾಡಲಿ, ನೀವೇ ಗುಳಿಗೆ ತಂದು ಸಾಹಸ ಮಾಡಬೇಡಿ. ಹಣ ಕೊಡುವ ಮುಂಚೆ ಅಟ್ಟಿ ಸಂಖ್ಯೆ, ಪ್ರಮಾಣ, ಮುಚ್ಚಿದ ಮತ್ತು ತೆರೆದ ದಿನ ಹಾಗೂ ಗಂಟೆ ಬರೆಸಿಕೊಳ್ಳಿ.

ವಹಿಗೆ ದೊಡ್ಡ ವಿದ್ಯೆ ಬೇಕಿಲ್ಲ. ಚೀಲ ಬಾಗಿಲು ದಾಟಿದ ದಿನ, ಅಟ್ಟಿ ಸಂಖ್ಯೆ, ಚೀಲ, ತೂಕ, ತೂಕದ ಚೀಟಿಯ ಸಂಖ್ಯೆ, ಲಾರಿ ಸಂಖ್ಯೆ, ಬಾಕಿ, ಸಹಿ. ಅಂದು ಬರೆಯಲಾಗದೆ ನಾಳೆ ಬರೆದರೆ ಎರಡೂ ದಿನಾಂಕ ಹಾಕಿ: ಹೋದದ್ದು ಇಂಥ ದಿನ, ಬರೆದದ್ದು ಇಂಥ ದಿನ. ತಪ್ಪಾದರೆ ಒಂದು ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆದು ಸಹಿ ಹಾಕಿ, ಬಿಳಿ ಬಣ್ಣ ಬಳಿಯಬೇಡಿ. ತಿಂಗಳಿಗೊಮ್ಮೆ ಪ್ರತಿ ಅಟ್ಟಿಯಿಂದ ಇಪ್ಪತ್ತು ಚೀಲ ತೂಗಿ, ನಾಲ್ಕಾರು ಕಡೆ ತೇವಾಂಶ ಅಳೆದು, ತೂಕ ಇಳಿದಿದ್ದರೆ "ಒಣಗಿದ ನಷ್ಟ" ಎಂದು ಬೇರೆ ಸಾಲಿನಲ್ಲಿ ಕಳೆಯಿರಿ. ವರ್ಷದ ಕೊನೆಗೆ ಒಟ್ಟಿಗೆ ಕಳೆಯುವವರಿದ್ದಾರೆ. ಅದು ಒಣಗಿದ್ದೋ ಕದ್ದದ್ದೋ ಎಂದು ಆಗ ಯಾರಿಗೂ ಹೇಳಲಾಗುವುದಿಲ್ಲ.

ಮತ್ತೆ, ಆ ವಹಿಯನ್ನು ಗೋದಾಮಿನೊಳಗಿನ ಮೇಜಿನಲ್ಲಿ ಇಡಬೇಡಿ. ಬಿರುಗಾಳಿಯ ರಾತ್ರಿ ನನ್ನದು ಅಲ್ಲೇ ಇತ್ತು, ಮಳೆ ಬಿದ್ದದ್ದು ಇನ್ನೊಂದು ಮೂಲೆಗೆ ಆದ್ದರಿಂದ ಉಳಿಯಿತು. ಪ್ರತಿ ಸಂಜೆ ಅಂದಿನ ಪುಟದ ಫೋಟೋ ತೆಗೆದು ಬೇರೆ ಯಾರಿಗಾದರೂ ಕಳುಹಿಸಿ. ಇದನ್ನು ಓದಿದ ಮೇಲೆ ಏಜೆಂಟ್‌ಗೆ ಫೋನ್ ಮಾಡುವ ಮೊದಲು ನಿಮ್ಮ ಕಳೆದ ಮೂರು ತಿಂಗಳ ತೂಕದ ಚೀಟಿಗಳನ್ನು ವಹಿಯ ಪಕ್ಕ ಇಟ್ಟು ದಿನಾಂಕಗಳನ್ನು ಹೋಲಿಸಿ ನೋಡಿ.