ಕಣ್ಣಿನ ಕೆಳಗಿನ ಗೆರೆ ಮತ್ತು ಬ್ರ್ಯಾಂಡ್ ಕೆಲಸ

"ನನಗೆ 31. ಇನ್‌ಸ್ಟಾಗ್ರಾಮ್‌ನಲ್ಲಿ ಮೇಕಪ್ ರೀಲ್ಸ್ ಮಾಡ್ತೀನಿ. ಕಣ್ಣಿನ ಕೆಳಗೆ ಗೆರೆ ಬಂದಿದೆ, ಬ್ರ್ಯಾಂಡ್ ಕೆಲಸ ಕಡಿಮೆಯಾಗಿದೆ. ಗೆರೆ ತುಂಬಲು ಚರ್ಮದೊಳಗೆ ಚುಚ್ಚುವ ಫಿಲ್ಲರ್ ಹಾಕಿಸಿಕೊಳ್ಳಲಾ?"

ಈಗಲೇ ಬೇಡ. ಫಿಲ್ಲರ್ ಕೆಲವು ತಿಂಗಳಲ್ಲಿ ಕರಗುತ್ತದೆ, ಮತ್ತೆ ಮತ್ತೆ ಖರ್ಚು. ನಿಮ್ಮ ಆದಾಯ ಹಾಗೆ ತಿಂಗಳು ತಿಂಗಳು ಬರುವುದಿಲ್ಲ ಅಲ್ವಾ?

ಮೊದಲು ಇನ್‌ಸ್ಟಾಗ್ರಾಮ್‌ನ ಇನ್‌ಸೈಟ್ಸ್ ತೆರೆದು ಫಾಲೋವರ್‌ಗಳ ವಯಸ್ಸು ನೋಡಿ. ಬ್ರ್ಯಾಂಡ್‌ನವರು ಕೇಳುವ ಸ್ಕ್ರೀನ್‌ಶಾಟ್‌ಗಳಲ್ಲಿ ಅದೂ ಒಂದು. 18–24ರವರೇ ಜಾಸ್ತಿ ಇದ್ದರೆ ಮೊಡವೆ ಕ್ರೀಮ್‌ನವರು ಚಿಕ್ಕ ವಯಸ್ಸಿನ ಮುಖವನ್ನೇ ಹುಡುಕುತ್ತಾರೆ. 25–34, 35–44 ಹೆಚ್ಚಿದ್ದರೆ ಗೆರೆಗೆ ಹಚ್ಚುವ ರೆಟಿನಾಲ್ ಕ್ರೀಮ್, ಸನ್‌ಸ್ಕ್ರೀನ್ ಮಾರುವವರಿಗೆ ನೀವೇ ಬರೆಯಿರಿ. ಅಲ್ಲಿ ಆ ಗೆರೆಗೇ ಬೆಲೆ. ಫಿಲ್ಲರ್ ಹಾಕಿಸಿಕೊಂಡು ಕ್ರೀಮ್ ಹೊಗಳಿದರೆ ನೋಡುವವರಿಗೆ ಮೋಸ.

ಕೆಲಸ ಸಿಕ್ಕರೆ, ಬ್ರ್ಯಾಂಡ್ ಜೊತೆಗಿನ ಒಪ್ಪಂದದಲ್ಲಿ ನಿಮ್ಮ ವಿಡಿಯೊವನ್ನು ಎಷ್ಟು ತಿಂಗಳು ಜಾಹೀರಾತಾಗಿ ಓಡಿಸುತ್ತಾರೆ ಎಂದು ಬರೆಸಿ. ಅದಕ್ಕೆ ಬೇರೆ ದುಡ್ಡು ಕೇಳಿ. ಅವಧಿ ಮುಗಿದ ಮೇಲೂ ಬೇಕೆಂದರೆ ಮತ್ತೆ ಕೊಡಬೇಕು.